ಚೆಕ್, ಡಿ.ಡಿ. ಜೊತೆಗಿನ ಕವರಿಂಗ್ ಲೆಟರ್: ದಾನಿಗಳಿಗೂ ಪೋಷಕರಿಗೂ ಒಂದು ವಿವರಣೆ



ಟ್ರಸ್ಟ್ ವಿದ್ಯಾರ್ಥಿವೇತನವನ್ನು ಸಾಮಾನ್ಯವಾಗಿ ವಿದ್ಯಾರ್ಥಿಯ ಕೈಗೆ ಕೊಡದೆ ಕಾಲೇಜಿನ ಹೆಸರಿಗೆ ಡಿ.ಡಿ. ಮಾಡಿಸಿ ಕಳುಹಿಸುತ್ತದೆ. ಡಿ.ಡಿ. ಮೇಲೆ ಕಾಲೇಜಿನ ಹೆಸರು, ಮೊತ್ತ, ದಿನಾಂಕ, ಸಂಖ್ಯೆ ಇರುತ್ತವೆ. 2018ರ ಸೆಪ್ಟೆಂಬರ್ 15ರಿಂದ ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಅದನ್ನು ಪಡೆದವರ ಹೆಸರನ್ನೂ ಮುದ್ರಿಸಲಾಗುತ್ತದೆ. ಆದರೆ ಅಲ್ಲಿ ಬರುವುದು ಟ್ರಸ್ಟಿನ ಹೆಸರು. ಯಾವ ವಿದ್ಯಾರ್ಥಿಗೆ, ಯಾವ ವರ್ಷದ ಯಾವ ಶುಲ್ಕಕ್ಕೆ ಎಂಬುದನ್ನು ಹೇಳುವುದು ಜೊತೆಗಿರುವ ಪತ್ರ ಮಾತ್ರ. ಪತ್ರ ಇಲ್ಲದಿದ್ದರೆ ಕಾಲೇಜು ಡಿ.ಡಿ.ಯನ್ನು ಬ್ಯಾಂಕಿಗೆ ಹಾಕಿಕೊಳ್ಳುತ್ತದೆ, ಹಣ ಜಮೆಯೂ ಆಗುತ್ತದೆ, ವಿದ್ಯಾರ್ಥಿಯ ಹೆಸರಿನ ಮುಂದೆ ಬಾಕಿ ಹಾಗೆಯೇ ಉಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ಒಂದೇ ಕಾಲೇಜಿನ ಮೂವರು ವಿದ್ಯಾರ್ಥಿಗಳಿಗೆ ರೂ. 64,500ರ ಒಂದೇ ಡಿ.ಡಿ. ಹೋಗುತ್ತದೆ ಎಂದುಕೊಳ್ಳಿ. ಮೊದಲ ವಿದ್ಯಾರ್ಥಿನಿಯ ಶುಲ್ಕದ ಬೇಡಿಕೆ ಚೀಟಿ ಸಂಖ್ಯೆ 118, ಮೊತ್ತ ರೂ. 28,000, ಅಷ್ಟನ್ನೂ ನಾವೇ ಕಟ್ಟುತ್ತೇವೆ. ಎರಡನೆಯವನ ಚೀಟಿ 124, ಮೊತ್ತ ರೂ. 42,500, ಅದರಲ್ಲಿ ರೂ. 20,000 ತಂದೆ ಆಗಲೇ ಕಟ್ಟಿದ್ದಾರೆ, ನಮ್ಮದು ಉಳಿದ ರೂ. 22,500. ಮೂರನೆಯವನ ಚೀಟಿ 131ರಲ್ಲಿ ಬೋಧನಾ ಶುಲ್ಕ ರೂ. 14,000, ಬಸ್ ಶುಲ್ಕ ರೂ. 6,000 ಇವೆ, ನಮ್ಮ ಸಹಾಯ ಬೋಧನಾ ಶುಲ್ಕಕ್ಕೆ ಮಾತ್ರ. ಪತ್ರದ ಒಕ್ಕಣೆ ಹೀಗಿರುತ್ತದೆ:

“ಮಾನ್ಯರೇ, ತಮ್ಮ ಕಾಲೇಜಿನ ಮೂವರು ವಿದ್ಯಾರ್ಥಿಗಳ ಶುಲ್ಕಕ್ಕಾಗಿ ರೂ. 64,500ರ ಡಿ.ಡಿ. ಲಗತ್ತಿಸಿದೆ. ಅದರ ಸಂಖ್ಯೆ, ದಿನಾಂಕ, ಬ್ಯಾಂಕ್ ಶಾಖೆ ಮೇಲೆ ನಮೂದಿಸಿದಂತೆ. ಇದನ್ನು ಚೀಟಿ 118ಕ್ಕೆ ರೂ. 28,000, ಪೂರ್ಣ, ಚೀಟಿ 124ಕ್ಕೆ ರೂ. 22,500, ಬಾಕಿ ಮೊತ್ತ. ಚೀಟಿ 131ಕ್ಕೆ ರೂ. 14,000, ಬೋಧನಾ ಶುಲ್ಕಕ್ಕೆ ಮಾತ್ರ ಎಂದು ಜಮೆ ಮಾಡಿಕೊಂಡು, ಪ್ರತಿಯೊಬ್ಬರ ಹೆಸರಿನಲ್ಲಿ ಬೇರೆ ಬೇರೆ ರಸೀದಿ ನೀಡಬೇಕು. ಪ್ರವೇಶ ರದ್ದಾಗಿ ಹಣ ಮರಳಿಸಬೇಕಾದರೆ ಟ್ರಸ್ಟಿನ ಖಾತೆಗೇ ಮರಳಿಸಬೇಕಾಗಿ ಕೋರಿಕೆ.”

‘ಬೋಧನಾ ಶುಲ್ಕಕ್ಕೆ ಮಾತ್ರ’ ಎಂಬ ಮೂರು ಪದ ಬಿಟ್ಟುಹೋದರೆ ಗುಮಾಸ್ತರು ಮೊದಲು ಬಸ್ಸಿನ ರೂ. 6,000 ಕಳೆದುಕೊಂಡು ಉಳಿದ ರೂ. 8,000ವನ್ನು ಬೋಧನಾ ಶುಲ್ಕಕ್ಕೆ ಹಾಕಬಹುದು. ಆಗ ಬೋಧನಾ ಶುಲ್ಕದಲ್ಲಿ ರೂ. 6,000 ಬಾಕಿ ನಿಲ್ಲುತ್ತದೆ. ಅದು ತಿಳಿಯುವುದು ಹಾಲ್ ಟಿಕೆಟ್ ಕೇಳಲು ಹೋದಾಗ. ಆದ್ದರಿಂದ ಪೋಷಕರು ರಸೀದಿ ಕೈಗೆ ಬಂದ ಕೂಡಲೇ ಮೊತ್ತವನ್ನಷ್ಟೇ ನೋಡದೆ, ಮಗುವಿನ ಹೆಸರು, ಚೀಟಿಯ ಸಂಖ್ಯೆ, ಯಾವ ಬಾಬಿಗೆ ಜಮೆಯಾಗಿದೆ ಎಂಬುದನ್ನೂ ಓದಬೇಕು. ಮೂವರದ್ದನ್ನೂ ಸೇರಿಸಿ ಟ್ರಸ್ಟಿನ ಹೆಸರಿನಲ್ಲಿ ಒಂದೇ ರಸೀದಿ ಕೊಟ್ಟರೆ ಅದು ನಮ್ಮ ಲೆಕ್ಕಕ್ಕೆ ಸಾಕು, ನಿಮಗೆ ಸಾಲದು. ಪತ್ರವನ್ನು ನೀವೇ ಕೊಂಡೊಯ್ಯುವುದಾದರೆ ನಕಲು ಪ್ರತಿಯ ಮೇಲೆ ಕಚೇರಿಯ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡು ಬನ್ನಿ. ಡಿ.ಡಿ. ಚಾಲ್ತಿಯಲ್ಲಿರುವುದು ಅದರ ದಿನಾಂಕದಿಂದ ಮೂರು ತಿಂಗಳು ಮಾತ್ರ. ಕಾಲೇಜಿನ ಮೇಜಿನ ಖಾನೆಯಲ್ಲಿ ಅದು ಮಲಗಿದ್ದರೆ ಈ ನಕಲೇ ನಿಮ್ಮ ಆಧಾರ.

ಅರ್ಜಿಯ ಕೊನೆಯಲ್ಲಿ “ನನ್ನ ಪರವಾಗಿ ಶುಲ್ಕವನ್ನು ಕಾಲೇಜಿಗೆ ಕಟ್ಟಲು ಟ್ರಸ್ಟಿಗೆ ಒಪ್ಪಿಗೆ ನೀಡಿದ್ದೇನೆ” ಎಂಬ ಸಾಲಿಗೆ ಸಹಿ ಏಕೆ ಎಂದು ಕೆಲವರು ಕೇಳುತ್ತಾರೆ. ಹನಫಿ ಫಿಕ್ಹ್ ಪ್ರಕಾರ ಝಕಾತ್ ಹಣ ಅರ್ಹನ ಒಡೆತನಕ್ಕೆ ಹೋಗಬೇಕು. ಅವನ ಬಾಕಿಯನ್ನು ಬೇರೆಯವರು ತೀರಿಸುವುದಾದರೆ ಅವನ ಅನುಮತಿ ಬೇಕು. ಕಾಲೇಜಿನ ಪತ್ರದಲ್ಲಿ ಝಕಾತ್ ಎಂಬ ಪದವನ್ನು ನಾವು ಬರೆಯುವುದಿಲ್ಲ. ಅದು ಮಗುವಿನ ಮರ್ಯಾದೆಯ ವಿಷಯ. ಆ ಗುರುತು ನಮ್ಮ ಕಡತದಲ್ಲಿ ಇರುತ್ತದೆ.

ದಾನಿಗಳು ನಮಗೆ ಕಳುಹಿಸುವ ಚೆಕ್ಕಿಗೂ ಇದೇ ಮಾತು. ಚೆಕ್ಕಿನಲ್ಲಿ ಉದ್ದೇಶ ಬರೆಯುವ ಜಾಗವಿಲ್ಲ. ಪತ್ರದಲ್ಲಿ ಝಕಾತ್, ಸದಖಾ, ಇಲ್ಲವೇ ಬ್ಯಾಂಕ್ ಬಡ್ಡಿಯನ್ನು ಪುಣ್ಯದ ಉದ್ದೇಶವಿಲ್ಲದೆ ಕೊಡುವ ಹಣ ಎಂದು ಸ್ಪಷ್ಟವಾಗಿ ಬರೆಯಿರಿ. ಮೂರನ್ನೂ ನಾವು ಬೇರೆ ಬೇರೆ ಲೆಕ್ಕದಲ್ಲಿ ಇಡುತ್ತೇವೆ. ಒಂದೇ ಚೆಕ್ಕಿನಲ್ಲಿ ಎರಡು ಬಗೆ ಇದ್ದರೆ ಇಷ್ಟಿಷ್ಟು ಎಂದು ವಿಭಾಗಿಸಿ ಬರೆಯಿರಿ. ಮೂಲನಿಧಿಗೆ ಕೊಡುವುದಾದರೆ “ಈ ಮೊತ್ತ ಟ್ರಸ್ಟಿನ ಮೂಲನಿಧಿಗೆ ಸೇರತಕ್ಕದ್ದು” ಎಂಬ ಲಿಖಿತ ಸೂಚನೆ ಇರಲೇಬೇಕು. ಅದಿಲ್ಲದೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಮೂಲನಿಧಿ ಎಂದು ತೋರಿಸಲು ನಮಗೆ ಸಾಧ್ಯವಿಲ್ಲ, ಬಾಯಿಮಾತು ನಡೆಯುವುದಿಲ್ಲ. ಪತ್ರದ ಕೆಳಗೆ ಚೆಕ್ ಸಂಖ್ಯೆ, ದಿನಾಂಕ, ನಿಮ್ಮ ವಿಳಾಸ ಮತ್ತು ಪ್ಯಾನ್ ಸಂಖ್ಯೆ ಇರಲಿ. 80ಜಿ ಪ್ರಮಾಣಪತ್ರಕ್ಕೆ ಅವು ಬೇಕು.

ಪತ್ರದ ಮಾದರಿಯನ್ನು ವಿದ್ಯಾರ್ಥಿವೇತನದ ಅರ್ಜಿಯ ಹಿಂಬದಿಯಲ್ಲಿ ಮುದ್ರಿಸಿದ್ದೇವೆ. ಅರ್ಜಿಯ ಜೊತೆ ಕಾಲೇಜಿನ ಬೇಡಿಕೆ ಚೀಟಿಯ ಪ್ರತಿ, ಈಗಾಗಲೇ ಏನಾದರೂ ಕಟ್ಟಿದ್ದರೆ ಆ ರಸೀದಿಯ ಪ್ರತಿ, ಎರಡನ್ನೂ ಲಗತ್ತಿಸಬೇಕಾಗಿ ವಿನಂತಿ.