ಚದರಡಿಗೆ ಎರಡು ದರ: ಸೈಟು ಕೊಳ್ಳುವವರು ಯಾವುದನ್ನು ನಂಬಬೇಕು?

ಮೈಸೂರಿನ ಹೊರವಲಯದ ಬಡಾವಣೆಯಲ್ಲಿ ಸೈಟು ನೋಡಲು ಹೋದವರ ಮುಂದೆ ಬ್ರೋಕರ್ ಸಾಮಾನ್ಯವಾಗಿ ಎರಡು ಅಂಕಿಗಳನ್ನು ಇಡುತ್ತಾರೆ. ‘ಮಾರ್ಕೆಟ್ ರೇಟು ಚದರಡಿಗೆ ಮೂರು ಸಾವಿರ, ಗೌರ್ಮೆಂಟ್ ರೇಟು ಅದರ ಅರ್ಧ.’ ಇದನ್ನು ಕೇಳಿದ ಕೆಲವರಿಗೆ ತಾವು ದುಪ್ಪಟ್ಟು ಕೊಡುತ್ತಿದ್ದೇವೆ ಎಂಬ ಭಯ. ಇನ್ನು ಕೆಲವರಿಗೆ ನೋಂದಣಿ ಖರ್ಚು ಅರ್ಧಕ್ಕೆ ಇಳಿಯಿತೆಂಬ ಸಮಾಧಾನ. ಎರಡೂ ಸರಿಯಲ್ಲ. ಆ ಎರಡು ಅಂಕಿಗಳು ಹುಟ್ಟುವ ಜಾಗವೇ ಬೇರೆ, ಅವುಗಳ ಕೆಲಸವೂ ಬೇರೆ.

ಸರ್ಕಾರಿ ದರವೆಂದು ಜನ ಕರೆಯುವುದು ಮಾರ್ಗಸೂಚಿ ದರವನ್ನು. ಕರ್ನಾಟಕ ಮುದ್ರಾಂಕ ಕಾಯ್ದೆಯ 45-ಬಿ ಕಲಂ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ ಮತ್ತು ಅದರ ಕೆಳಗಿನ ಉಪಸಮಿತಿಗಳು ಊರು, ಬಡಾವಣೆ, ರಸ್ತೆಗಳಿಗೆ ಅನುಗುಣವಾಗಿ ಈ ದರ ನಿಗದಿ ಮಾಡುತ್ತವೆ. ಸೈಟು ಎಷ್ಟಕ್ಕೆ ಮಾರಾಟವಾಗಬೇಕು ಎಂದು ಹೇಳುವುದು ಇದರ ಉದ್ದೇಶವಲ್ಲ. ಕ್ರಯಪತ್ರದಲ್ಲಿ ಬೆಲೆಯನ್ನು ತೀರಾ ಕಡಿಮೆ ತೋರಿಸಿ ಮುದ್ರಾಂಕ ಶುಲ್ಕ ತಪ್ಪಿಸುವುದನ್ನು ತಡೆಯಲು ಹಾಕಿದ ಕೆಳಗಿನ ಗೆರೆ ಇದು. ನಿಜವಾದ ಬೆಲೆ ಮತ್ತು ಮಾರ್ಗಸೂಚಿ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ ಕಟ್ಟಬೇಕು.

ರಾಜ್ಯದಾದ್ಯಂತ ಈ ದರ 2023ರ ಅಕ್ಟೋಬರ್ 1ರಂದು ದೊಡ್ಡ ಪ್ರಮಾಣದಲ್ಲಿ ಪರಿಷ್ಕರಣೆಯಾಯಿತು. ಪರಿಷ್ಕರಣೆಗಳ ನಡುವೆ ಹೊಸ ವರ್ತುಲ ರಸ್ತೆ ಬಂದರೂ, ಪಕ್ಕದಲ್ಲೇ ಕಾರ್ಖಾನೆ ಎದ್ದರೂ ಪಟ್ಟಿಯಲ್ಲಿನ ಅಂಕಿ ತಾನಾಗಿ ಬದಲಾಗುವುದಿಲ್ಲ. ಮೇಲಾಗಿ ಒಂದು ಬಡಾವಣೆಗೋ ರಸ್ತೆಗೋ ಸಾಮಾನ್ಯವಾಗಿ ಒಂದೇ ದರ. ಮೋರಿಗೆ ತಾಗಿದ ಸೈಟು, ಹೈ ಟೆನ್ಷನ್ ತಂತಿಯ ಕೆಳಗಿನ ಸೈಟು, ಪಾರ್ಕಿನ ಎದುರಿನ ಸೈಟು ಇವುಗಳ ವ್ಯತ್ಯಾಸ ಕೊಳ್ಳುವವನ ಕಣ್ಣಿಗೆ ಬೀಳುತ್ತದೆ, ಪಟ್ಟಿಗೆ ಅಷ್ಟಾಗಿ ಬೀಳುವುದಿಲ್ಲ. ಮುದ್ರಾಂಕ ಶುಲ್ಕಕ್ಕೆಂದು ಮಾಡಿದ ಮೌಲ್ಯದ ಪಟ್ಟಿಯನ್ನೇ ಭೂಸ್ವಾಧೀನದ ಪರಿಹಾರಕ್ಕೆ ಮಾರುಕಟ್ಟೆ ಬೆಲೆಯೆಂದು ಹಿಡಿಯಲಾಗದು ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಜವಾಜಿ ನಾಗನಾಥಂ ಪ್ರಕರಣದಲ್ಲಿ ಹೇಳಿತ್ತು.

ಪಟ್ಟಿ ಓದುವಾಗಲೇ ಅನೇಕರು ಎಡವುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಊರು, ಬಡಾವಣೆ ಆಯ್ದುಕೊಂಡರೆ ದರ ಕಾಣಿಸುತ್ತದೆ. ಆದರೆ ಸೈಟಿನ ದರ ಸಾಮಾನ್ಯವಾಗಿ ಚದರ ಮೀಟರಿಗೆ ಇರುತ್ತದೆ, ಮಾತುಕತೆ ನಡೆಯುವುದು ಚದರಡಿಯಲ್ಲಿ. ಒಂದು ಚದರ ಮೀಟರ್ ಎಂದರೆ 10.764 ಚದರಡಿ. ಲೆಕ್ಕಕ್ಕೆಂದು ಒಂದು ಬಡಾವಣೆಯ ದರ ಚದರ ಮೀಟರಿಗೆ 16,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು 10.764ರಿಂದ ಭಾಗಿಸಿದರೆ ಚದರಡಿಗೆ ಸುಮಾರು 1,486 ರೂಪಾಯಿ. ಮೂವತ್ತು ನಲವತ್ತರ ಸೈಟು 1,200 ಚದರಡಿ, ಅಂದರೆ ಅದರ ಮಾರ್ಗಸೂಚಿ ಮೌಲ್ಯ ಸುಮಾರು 17.84 ಲಕ್ಷ. ಮೂಲೆ ಸೈಟು, ವಾಣಿಜ್ಯ ಬಳಕೆ ಮುಂತಾದವಕ್ಕೆ ಪಟ್ಟಿಯ ಜೊತೆಗಿರುವ ವಿಶೇಷ ಸೂಚನೆಗಳನ್ನೂ ಓದಿಕೊಳ್ಳಬೇಕು.

ಮಾರುವವರು ಹೇಳುವ ಬೆಲೆ ಚದರಡಿಗೆ 3,000, ಅಂದರೆ ಒಟ್ಟು 36 ಲಕ್ಷ. ಇದು ನ್ಯಾಯವೇ ಎಂದು ತಿಳಿಯಲು 1,486 ಎಂಬ ಅಂಕಿ ಒಂದೇ ಸಾಲದು. ಅದೇ ಬಡಾವಣೆಯಲ್ಲಿ ಇತ್ತೀಚೆಗೆ ಏನು ನಡೆದಿದೆ ಎಂದು ನೋಡಬೇಕು. ಅಕ್ಕಪಕ್ಕದ ಸೈಟುಗಳ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ತೆಗೆಸಿದರೆ ನೋಂದಣಿಯಾದ ಮೊತ್ತ ಸಿಗುತ್ತದೆ. ಆದರೆ ಹಲವು ಕ್ರಯಪತ್ರಗಳು ಸರಿಯಾಗಿ ಮಾರ್ಗಸೂಚಿ ದರಕ್ಕೇ ಬರೆದಿದ್ದರೆ ಅದು ಎಚ್ಚರಿಕೆಯ ಗುರುತು. ಉಳಿದ ಹಣ ಕೈಯಿಂದ ಕೈಗೆ ಹೋಗಿರಬಹುದು, ಆಗ ಆ ಅಂಕಿಯಿಂದ ಮಾರುಕಟ್ಟೆ ಗೊತ್ತಾಗದು.

ಹೆಚ್ಚು ನಂಬಬಹುದಾದ ಅಂಕಿ ಸಿಗುವುದು ನಗರಾಭಿವೃದ್ಧಿ ಪ್ರಾಧಿಕಾರಗಳ ಹರಾಜಿನಲ್ಲಿ. ಅಲ್ಲಿ ಪೂರ್ತಿ ಹಣ ಲೆಕ್ಕದಲ್ಲೇ ಹೋಗುತ್ತದೆ. ಹರಾಜಿಗೆ ಮೂಲೆ ಸೈಟುಗಳೇ ಹೆಚ್ಚಾಗಿ ಬರುವುದರಿಂದ ನಡುವಿನ ಸೈಟಿಗೆ ಅದಕ್ಕಿಂತ ಕಡಿಮೆ ಎಂದು ತೂಗಿನೋಡಬೇಕು. ಸಾಲ ಕೊಡುವ ಬ್ಯಾಂಕಿನ ಮೌಲ್ಯಮಾಪಕರ ವರದಿಯೂ ಒಳ್ಳೆಯ ಸಾಕ್ಷಿ. ಅವರು 2,600 ಎಂದರೆ 3,000 ಕೇಳುವವರ ಜೊತೆ ಮಾತಿಗೆ ಕೂರಲು ಒಂದು ಆಧಾರ ಸಿಕ್ಕಿತು.

ಬೆಲೆ ಕುದುರಿದ ಮೇಲೆ ಬರುವುದು ಹಳೆಯ ಸಲಹೆ: ‘ಪತ್ರಕ್ಕೆ ಗೌರ್ಮೆಂಟ್ ರೇಟು ಹಾಕೋಣ, ಮಿಕ್ಕಿದ್ದು ಕ್ಯಾಶ್.’ ಇದರಲ್ಲಿ ಕೊಳ್ಳುವವರಿಗೆ ಉಳಿಯುವುದೆಷ್ಟು? ನಗರ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಅಧಿಭಾರ ಸೇರಿ ಶೇ. 5.6. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಒಟ್ಟು ಶೇ. 7.6. 36 ಲಕ್ಷದ ಬದಲು 17.84 ಲಕ್ಷಕ್ಕೆ ಪತ್ರವಾದರೆ ಮರೆಮಾಚಿದ 18.16 ಲಕ್ಷದ ಮೇಲೆ ಉಳಿಯುವುದು ಸುಮಾರು 1.38 ಲಕ್ಷ.

ಕಳೆದುಕೊಳ್ಳುವುದು ಅದಕ್ಕಿಂತ ಹೆಚ್ಚು. ಮುಂದೆ ಆ ಸೈಟನ್ನು ಮಾರುವಾಗ ಕೊಂಡ ಬೆಲೆ 17.84 ಲಕ್ಷ ಎಂದೇ ಲೆಕ್ಕ. ಕಾಗದದಲ್ಲಿಲ್ಲದ 18.16 ಲಕ್ಷವೂ ಲಾಭವೆಂದಾಗಿ, ದೀರ್ಘಾವಧಿ ಬಂಡವಾಳ ಲಾಭದ ಶೇ. 12.5 ತೆರಿಗೆ ಅದಕ್ಕೂ ಬೀಳುತ್ತದೆ. ಅದೇ 2.27 ಲಕ್ಷ. ಸಾಲವೂ ಕಷ್ಟ, ಏಕೆಂದರೆ ಪತ್ರದಲ್ಲಿರುವ ಬೆಲೆ ಮತ್ತು ಮೌಲ್ಯಮಾಪಕರ ಅಂದಾಜಿನಲ್ಲಿ ಕಡಿಮೆಯದನ್ನೇ ಬ್ಯಾಂಕುಗಳು ಆಧಾರವಾಗಿ ಹಿಡಿಯುತ್ತವೆ. ಹಕ್ಕಿನ ತಕರಾರು ಎದ್ದು ಹಣ ವಾಪಸು ಕೇಳಬೇಕಾದರೆ ಕೈಯಲ್ಲಿರುವ ಪುರಾವೆ 17.84 ಲಕ್ಷಕ್ಕೆ ಮಾತ್ರ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಇದಕ್ಕೆ ತಿರುಗುಮುರುಗಾದ ಪರಿಸ್ಥಿತಿಯೂ ಉಂಟು. ದರ ಏರಿಸಿದ ಮೇಲೆ ಕೆಲವು ಸೈಟುಗಳ ನಿಜವಾದ ಬೆಲೆ ಮಾರ್ಗಸೂಚಿಗಿಂತ ಕೆಳಗೇ ಉಳಿಯುತ್ತದೆ. ಅದೇ 17.84 ಲಕ್ಷದ ಸೈಟನ್ನು ಯಾರೋ 15 ಲಕ್ಷಕ್ಕೆ ಪ್ರಾಮಾಣಿಕವಾಗಿ ಕೊಂಡರೂ ಶುಲ್ಕ 17.84 ಲಕ್ಷಕ್ಕೇ. ಆದಾಯ ತೆರಿಗೆ ಕಾನೂನು ಶೇ. 10ರವರೆಗಿನ ಅಂತರವನ್ನು ಸಹಿಸುತ್ತದೆ. ಇಲ್ಲಿ 15 ಲಕ್ಷಕ್ಕೆ ಶೇ. 10 ಸೇರಿಸಿದರೂ 16.5 ಲಕ್ಷವೇ ಆಗುವುದರಿಂದ ಆ ಮಿತಿ ದಾಟಿದಂತಾಯಿತು. ಆಗ ಪೂರ್ತಿ 2.84 ಲಕ್ಷದ ಅಂತರ ಕೊಂಡವರ ಆದಾಯವೆಂದು ಎಣಿಸಲ್ಪಡುತ್ತದೆ. ಮಾರಿದವರೂ 17.84 ಲಕ್ಷ ಪಡೆದರೆಂದೇ ಅವರ ಲಾಭದ ಲೆಕ್ಕ. 16.5 ಲಕ್ಷಕ್ಕೆ ಕೊಂಡಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ದರವೇ ಅತಿಯಾಗಿದೆ ಎನ್ನುವವರಿಗೆ ದಾರಿಗಳಿವೆ. ಮುದ್ರಾಂಕ ಕಾಯ್ದೆಯ 45-ಎ ಕಲಂನಡಿ ಮೌಲ್ಯದ ತಕರಾರು ಸಬ್‌ರಿಜಿಸ್ಟ್ರಾರ್‌ ಕಚೇರಿಯಿಂದ ಜಿಲ್ಲಾ ನೋಂದಣಾಧಿಕಾರಿಯ ಬಳಿಗೆ ಹೋಗಬಹುದು. ತೆರಿಗೆ ಅಧಿಕಾರಿಯ ಎದುರೂ ಇಲಾಖೆಯ ಮೌಲ್ಯಮಾಪನಾಧಿಕಾರಿಗೆ ಒಪ್ಪಿಸುವಂತೆ ಕೇಳಬಹುದು.

ಪಟ್ಟಿಯಲ್ಲಿ ದರವಿದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಇದೆ ಎಂದಲ್ಲ. ಅನುಮೋದಿತ ನಕ್ಷೆ, ಭೂ ಪರಿವರ್ತನೆ ಆದೇಶ, ಇ-ಖಾತೆ, ಮೂಲಪತ್ರಗಳನ್ನು ಬೇರೆಯಾಗಿಯೇ ಪರಿಶೀಲಿಸಬೇಕು. ಅನುಮೋದನೆಯಿಲ್ಲದ ರೆವೆನ್ಯೂ ಸೈಟನ್ನು ಅನುಮೋದಿತ ಬಡಾವಣೆಯ ಚದರಡಿ ಬೆಲೆಗೆ ಹೋಲಿಸಿ ‘ಅಗ್ಗ’ ಎನ್ನುವುದು ಬೇರೆ ಬೇರೆ ಸರಕನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತೆ.

ಹಾಗಾಗಿ 3,000ಕ್ಕೆ ಒಪ್ಪಿ, ಪೂರ್ತಿ ಬೆಲೆಯನ್ನು ಪತ್ರದಲ್ಲಿ ಬರೆಸುವ ಕುಟುಂಬದ ನಿಜವಾದ ಲೆಕ್ಕ ಹೀಗೆ: 36 ಲಕ್ಷಕ್ಕೆ ಶೇ. 7.6ರಂತೆ 2.736 ಲಕ್ಷ ಶುಲ್ಕ, ಅಂದರೆ ಚದರಡಿಗೆ 228 ರೂಪಾಯಿ. ಮಾತುಕತೆಗೆ ಕೂರುವ ಮುನ್ನ ಮನಸ್ಸಿನಲ್ಲಿರಬೇಕಾದ ಬೆಲೆ 3,228.