ಫಾರಿನ್ ನೌಕರಿ ಅಂತ ಏಜೆಂಟ್ ಬಂದರೆ ಮೊದಲು ಕೇಳಬೇಕಾದ್ದು ನೋಂದಣಿ ನಂಬರ್

ಗದಗ: 'ದುಬೈನಾಗ ಸೆಕ್ಯೂರಿಟಿ ಕೆಲಸ ಐತಿ, ಊಟ-ರೂಮು ಫ್ರೀ. ಸೀಟು ಎರಡ ಉಳದಾವ, ಈಗ ಐವತ್ತು ಸಾವಿರ ಹಾಕ್ರಿ.' ಇಂಥ ಮಾತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಗದಗ-ಬೆಟಗೇರಿಯಲ್ಲಿ ಯಾರಿಗಾದರೂ ಬಂದರೆ, ದುಡ್ಡು ಹಾಕೋ ಮೊದಲು ಮೂರು ವಿಷಯ ನೋಡಿ.

ದುಡ್ಡು ಎಷ್ಟು? 1983ರ ವಲಸೆ ಕಾಯ್ದೆ ಪ್ರಕಾರ, ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಆತ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಗರಿಷ್ಠ 30 ಸಾವಿರ ರೂಪಾಯಿ. ಶೇ 18 ಜಿಎಸ್‌ಟಿ ಸೇರಿದರೆ 35,400. ಅದಕ್ಕೂ ರಸೀದಿ ಕೊಡಲೇಬೇಕು. ಲಕ್ಷಗಟ್ಟಲೆ ಕೇಳಿದರೆ, ರಸೀದಿ ಇಲ್ಲದೆ ಯಾರದೋ ಹೆಸರಿನ ಫೋನ್‌ಪೇಗೆ ಹಾಕಿ ಅಂದರೆ ಅಲ್ಲೇ ನಿಲ್ಲಿಸಿ.

ಮಾಲೀಕ ಯಾರು? 'ದೊಡ್ಡ ಕಂಪನಿ, ಅಲ್ಲಿ ಹೋದ ಮ್ಯಾಲ ಗೊತ್ತಾಗತೈತಿ' ಅನ್ನೋದು ಉತ್ತರ ಅಲ್ಲ. ಕಂಪನಿ ಹೆಸರು, ವಿಳಾಸ, ಕೆಲಸ, ಸಂಬಳ, ಎಷ್ಟು ವರ್ಷ ಎಂಬುದು ಕರಾರಿನಲ್ಲಿ ಇರಬೇಕು, ನಿಮಗೆ ಓದಲು ಬರುವ ಭಾಷೆಯಲ್ಲಿರಬೇಕು. ವೀಸಾ ಮೇಲೆ 'ವಿಸಿಟ್' ಅಥವಾ 'ಟೂರಿಸ್ಟ್' ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ. 'ಹೋದ ಮ್ಯಾಲ ಬದಲಿ ಮಾಡಸ್ತೀವಿ' ಅಂದರೆ ನಂಬಬೇಡಿ.

ಹೀಗೆ ನಂಬಿದರೆ ಏನಾಗುತ್ತದೆ ಎಂಬುದನ್ನು ಕಲಬುರಗಿ ಜಿಲ್ಲೆಯ ಯುವಕರ ಪ್ರಕರಣ ತೋರಿಸಿತು. ರಷ್ಯಾದಲ್ಲಿ ಸೆಕ್ಯೂರಿಟಿ, ಹೆಲ್ಪರ್ ಕೆಲಸ ಎಂದು ಯೂಟ್ಯೂಬ್ ವಿಡಿಯೊ ಮೂಲಕ ಬಲೆಗೆ ಬಿದ್ದ ಅವರು ತಲಾ ಸುಮಾರು 3 ಲಕ್ಷ ಕೊಟ್ಟು 2023ರ ಕೊನೆಗೆ ಹೊರಟರು. ಅಲ್ಲಿ ರಷ್ಯನ್ ಭಾಷೆಯ ಕರಾರಿಗೆ ಸಹಿ ಹಾಕಿಸಿ ಉಕ್ರೇನ್ ಯುದ್ಧದ ಕಡೆಗೆ ಕಳಿಸಲಾಯಿತು. 2024ರ ಮಾರ್ಚ್‌ನಲ್ಲಿ ಸಿಬಿಐ ಈ ಜಾಲದ ಮೇಲೆ ಹಲವು ನಗರಗಳಲ್ಲಿ ದಾಳಿ ನಡೆಸಿತು. ಆ ಯುವಕರು ಊರಿಗೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ಮೊತ್ತ ಮಿತಿ ಮೀರಿತ್ತು, ಕರಾರು ಓದಲು ಬರುತ್ತಿರಲಿಲ್ಲ. ಮೊದಲನೆಯದು ಊರಲ್ಲೇ ಕಾಣುತ್ತಿದ್ದ ಸುಳಿವು.

ನಂಬರ್ ನೋಡೋದು ಹೇಗೆ? ಏಜೆಂಟ್‌ನ ನೋಂದಣಿ ನಂಬರ್ ಕೇಳಿ, emigrate.gov.in ನಲ್ಲಿ ಏಜೆಂಟರ ಪಟ್ಟಿ ತೆಗೆದು ಹೆಸರು, ವಿಳಾಸ ಹೊಂದುತ್ತದೆಯೇ, ನೋಂದಣಿ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಗೋಡೆಗೆ ತೂಗುಹಾಕಿದ ಜೆರಾಕ್ಸ್ ಸಾಲದು. 'ನಾ ಬರೀ ಮುಂಬೈ ಆಫೀಸಿಗೆ ಮಂದಿ ಕೊಡ್ತೀನಿ' ಅನ್ನುವವರಿದ್ದರೆ, ಪಟ್ಟಿಯಲ್ಲಿರುವ ಮುಂಬೈ ಆಫೀಸಿಗೆ ನೀವೇ ಫೋನ್ ಮಾಡಿ, ಈ ಮನುಷ್ಯ ನಿಮ್ಮವನೇ ಎಂದು ಕೇಳಿ.

ಅನುಮಾನ ಇದ್ದರೆ ಸಚಿವಾಲಯದ ಉಚಿತ ಸಹಾಯವಾಣಿ 1800 11 3090ಕ್ಕೆ ಕೇಳಿ. ಆನ್‌ಲೈನ್‌ನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ನಗದು ಕೊಟ್ಟಿದ್ದರೆ ವಾಟ್ಸ್‌ಆ್ಯಪ್ ಮೆಸೇಜ್, ಆಡಿಯೊ ಅಳಿಸದೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ.