ಗೇರಿನ ಗುಂಡು ಯಾಕ ಸೀಳ್ತು?

ಮುರಗೋಡದಲ್ಲಿ ಒಂದು ಟ್ರ್ಯಾಕ್ಟರಿನ ಗೇರ್ ಲಿವರ್ ಮೇಲಿನ ಗುಂಡು ಒಡೆದಿದೆ ಅಂದುಕೊಳ್ಳಿ. ಮನೆಯ ಹುಡುಗ ನಮ್ಮಂಥ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದ್ತಾನೆ. ಅಳತೆ ತಗೊಂಡು ಲ್ಯಾಬಿನ ತ್ರೀಡಿ ಪ್ರಿಂಟರಿನಲ್ಲಿ ಕಪ್ಪು ಪಿಎಲ್ಎ ಹಾಕಿ ಹೊಸ ಗುಂಡು ತೆಗೆದ. ನಾಝಲ್ 205 ಡಿಗ್ರಿ, ಬೆಡ್ 60 ಡಿಗ್ರಿ. ಗುಂಡು ನುಣ್ಣಗೆ ಬಂತು, ಲಿವರಿಗೆ ಬಿಗಿಯಾಗಿ ಕೂತಿತು. ಆದರೆ ಏಪ್ರಿಲ್ ಬಿಸಿಲಿಗೆ ಎರಡು ದಿನ ನಿಂತ ಮೇಲೆ ಸಡಿಲಾಗಿ ತಿರುಗತೊಡಗಿತು.

ಇಲ್ಲಿ ಪ್ರಿಂಟರಿನ ತಪ್ಪಿಲ್ಲ. ಪಿಎಲ್ಎ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಕರಗೋದು ಬೇರೆ, ಮೆತ್ತಗಾಗೋದು ಬೇರೆ ನೋಡ್ರಿ. ಬಯಲಲ್ಲಿ ಬಿಸಿಲಿಗೆ ನಿಂತ ಕಪ್ಪು ವಸ್ತು ಆ ಮಟ್ಟ ಮುಟ್ಟೋದು ಅಪರೂಪವಲ್ಲ. ಈ ಮೆತ್ತಗಾಗುವ ಮಟ್ಟ ಪಿಇಟಿಜಿಗೆ ಸುಮಾರು 80, ಎಬಿಎಸ್‌ಗೆ ಸುಮಾರು 105. ಬೆಡ್ ಬಿಸಿಯೂ ಇದರ ಸುತ್ತಲೇ ಇರುತ್ತದೆ: ಪಿಎಲ್ಎಗೆ 50–60, ಪಿಇಟಿಜಿಗೆ 70–85, ಎಬಿಎಸ್‌ಗೆ 95–110. ಕೆಳಗಿನ ಪದರ ಪೂರ್ತಿ ಗಟ್ಟಿಯಾಗಿ ಕುಗ್ಗದಂತೆ ಹಿಡಿದಿಡೋದು ಬೆಡ್ಡಿನ ಕೆಲಸ. ನಾಝಲ್ಲಿನ ಕೆಲಸವೇ ಬೇರೆ. ಹೊಸ ಪದರ ಕೆಳಗಿನ ಪದರವನ್ನು ಸ್ವಲ್ಪ ಕರಗಿಸಿ ಅದರೊಳಗೆ ಬೆರೆಯುವಷ್ಟು ಬಿಸಿ ಕೊಡಬೇಕು. ಪಿಎಲ್ಎಗೆ 190–220, ಪಿಇಟಿಜಿಗೆ 230–250, ಎಬಿಎಸ್‌ಗೆ 230–255 ಸಾಕು.

ಹುಡುಗ ಎರಡನೇ ಸಲ ಪಿಇಟಿಜಿ ರೀಲು ಹಾಕಿದ, ಆದರೆ ನಾಝಲ್ 215ರಲ್ಲೇ ಬಿಟ್ಟ. ಎಕ್ಸ್‌ಟ್ರೂಡರ್ ಆಗಾಗ ಟಕ್ ಟಕ್ ಅಂತು. ಪ್ಲಾಸ್ಟಿಕ್ ಸಾಕಷ್ಟು ಕರಗದೆ ತಂತಿ ಮುಂದಕ್ಕೆ ಹೋಗದಿದ್ದರೆ ಗೇರು ಜಾರುವ ಸದ್ದು ಅದು. ಗುಂಡಿನ ಮೈ ಮಂಕಾಗಿತ್ತು, ಅಲ್ಲಲ್ಲಿ ಸಣ್ಣ ಸಂದು ಇತ್ತು. ಕೈಯಲ್ಲಿ ಹಿಡಿದು ಮುರಿದರೆ ಪದರದ ಗೆರೆಯಲ್ಲೇ ನೀಟಾಗಿ ಸೀಳಿತು. ನಾಝಲ್ ತಣ್ಣಗಿದೆ ಅನ್ನೋಕೆ ಇದೇ ಸಾಕ್ಷಿ. ಬೆಸುಗೆ ಕೂಡಿದ ತುಂಡು ಗೆರೆ ಬಿಟ್ಟು ಅಡ್ಡಾದಿಡ್ಡಿ ಮುರಿಯುತ್ತದೆ.

ಹಾಗಂತ ಸೀದಾ 255ಕ್ಕೆ ಏರಿಸಿದರೆ ಇನ್ನೊಂದು ತೊಂದರೆ. ನಾಝಲ್ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗುವಾಗ ಜೇಡರ ಬಲೆಯಂಥ ಎಳೆ ಬಿಡುತ್ತದೆ, ಮೈಮೇಲೆ ಗುಳ್ಳೆ ಕೂರುತ್ತವೆ, ಆಧಾರವಿಲ್ಲದ ಭಾಗ ಜೋತು ಬೀಳುತ್ತದೆ. ಆದರೆ ಎಳೆ ಕಂಡ ಕೂಡಲೇ ಬಿಸಿ ಇಳಿಸಬೇಡಿ. ನಾಝಲ್ಲಿನಿಂದ ಚಟಪಟ ಸದ್ದು ಬಂದರೆ ರೀಲು ತೇವ ಹೀರಿಕೊಂಡಿದೆ ಅಂತ ಅರ್ಥ. ಮಳೆಗಾಲದಲ್ಲಿ ಇದು ಸಾಮಾನ್ಯ. ಪಿಇಟಿಜಿ ರೀಲನ್ನು 65 ಡಿಗ್ರಿಯಲ್ಲಿ ನಾಲ್ಕೈದು ತಾಸು ಒಣಗಿಸಿ, ಆಮೇಲೆ ಅಳತೆ ನೋಡ್ರಿ.

ಸರಿಯಾದ ಬಿಸಿ ಹುಡುಕೋಕೆ ಟೆಂಪರೇಚರ್ ಟವರ್ ಅನ್ನೋ ಸಣ್ಣ ಗೋಪುರ ಪ್ರಿಂಟ್ ಮಾಡ್ತಾರೆ. ತಳದಲ್ಲಿ 250, ಪ್ರತಿ 10 ಮಿಲಿಮೀಟರಿಗೆ 5 ಡಿಗ್ರಿ ಇಳಿಸುತ್ತ ತುದಿಗೆ 225. ಆರಂಭದ ಆಜ್ಞೆಗಳು ಹೀಗೆ:

```
M140 S80
M104 S250
M190 S80
M109 S250
```

ಮೊದಲ ಎರಡು ಬಿಸಿ ಶುರು ಮಾಡುತ್ತವೆ, ಕೊನೆಯ ಎರಡು ಅಷ್ಟಾಗುವ ತನಕ ಕಾಯುತ್ತವೆ. ಆಮೇಲೆ ಪ್ರತಿ ಮಹಡಿಗೆ `M104 S245`, `M104 S240` ಹೀಗೆ ಇಳಿಸುತ್ತ ಹೋಗಿ. ಆದರೆ ನಿಮ್ಮ ಪ್ರಿಂಟರಿನಲ್ಲಿ ಟೆಫ್ಲಾನ್ ನಳಿಗೆ ನಾಝಲ್ ತನಕ ಬಂದಿದ್ದರೆ 240 ದಾಟಬೇಡಿ, ಅದಕ್ಕಿಂತ ಮೇಲೆ ನಳಿಗೆಯೇ ಹಾಳಾಗುತ್ತ ಹೋಗಿ ಕೆಟ್ಟ ಹೊಗೆ ಬಿಡುತ್ತದೆ. ಅಂಥದ್ದರಲ್ಲಿ ತಳ 240ರಿಂದಲೇ ಶುರುವಾಗಲಿ.

ಗೋಪುರದಲ್ಲಿ 250, 245ರ ಮಹಡಿಗಳಿಗೆ ಎಳೆ ಕಂಡಿತು, 230, 225ರವು ಕೈಯಲ್ಲಿ ಮುರಿದವು ಅಂದುಕೊಳ್ಳಿ. 235 ಎಲ್ಲಕ್ಕಿಂತ ಚೆಂದ ಕಾಣುತ್ತದೆ. ಆದರೂ ಗೇರಿನ ಗುಂಡಿಗೆ 240 ಹಿಡೀರಿ. ಚೆಂದದ ಪದರ ಬೇರೆ, ಗಟ್ಟಿ ಪದರ ಬೇರೆ. ಕೈಯೊತ್ತು ಬೀಳುವ ವಸ್ತುವಿಗೆ ಎಳೆ ಬಿಡದ ಗರಿಷ್ಠ ಬಿಸಿ ಬೇಕು. ಮೇಜಿನ ಮೇಲಿಡೋ ಗೊಂಬೆಗಾದರೆ 235 ಸಾಕು.

ಇನ್ನು ತಳ ನೋಡಿ. ಮೂಲೆ ಎದ್ದರೆ ಬೆಡ್ ತಣ್ಣಗಿದೆ, ಇಲ್ಲವೇ ಅದರ ಮೇಲೆ ಎಣ್ಣೆಗೈ ಬಿದ್ದಿದೆ. ಮೊದಲ ಕೆಲವು ಪದರ ಹೊರಗೆ ಉಬ್ಬಿ ಲಿವರ್ ತೂತಿನ ಬಾಯಿ ಬಿಗಿಯಾದರೆ ಬೆಡ್ ಅತಿ ಬಿಸಿ, ಇಲ್ಲವೇ ನಾಝಲ್ ಬೆಡ್ಡಿಗೆ ತೀರ ಹತ್ತಿರ. 5 ಡಿಗ್ರಿ ಇಳಿಸಿ ನೋಡ್ರಿ. ಪರದೆ ತೋರಿಸೋದು ಬೆಡ್ಡಿನ ಕೆಳಗಿನ ಸೆನ್ಸರಿನ ಅಂಕಿ. ಗಾಜಿನ ಮೇಲ್ಮೈ ಅದಕ್ಕಿಂತ ತಣ್ಣಗಿರುತ್ತದೆ, ಹಾಗಾಗಿ ಐದು ನಿಮಿಷ ಕಾದು ಶುರು ಮಾಡಿ. ಪಿಇಟಿಜಿ ಬರಿಗಾಜಿಗೆ ಎಷ್ಟು ಅಂಟುತ್ತದೆಂದರೆ ಬಿಡಿಸುವಾಗ ಗಾಜಿನ ಚಕ್ಕೆಯೇ ಕಿತ್ತು ಬರಬಹುದು. ಮೊದಲೇ ಗ್ಲೂ ಸ್ಟಿಕ್ ಹಚ್ಚಿ, ತಣ್ಣಗಾದ ಮೇಲೆ ತೆಗೀರಿ.

ಎಬಿಎಸ್ ಬೇಕಾದರೆ ಪ್ರಿಂಟರಿಗೆ ಸುತ್ತ ಪೆಟ್ಟಿಗೆ ಬೇಕು, ಹೊಗೆ ಹೊರಹೋಗಲು ದಾರಿ ಬೇಕು. ತೆರೆದ ಲ್ಯಾಬಿನಲ್ಲಿ ಫ್ಯಾನಿನ ಗಾಳಿ ತಾಗಿದರೆ ಬೆಡ್ 110 ಇದ್ದರೂ ಎತ್ತರದ ಗೋಡೆ ನಡುವೆ ಬಿರುಕು ಬಿಡುತ್ತದೆ. ಗೇರಿನ ಗುಂಡಿಗೆ ಅಷ್ಟು ಕಷ್ಟ ಬೇಡ. ಪಿಇಟಿಜಿ, ನಾಝಲ್ 240, ಬೆಡ್ 80 ಸಾಕು. ಒಂದು ಹೆಚ್ಚುವರಿ ಗುಂಡು ತೆಗೆದು ಅದನ್ನು ಮುರಿದು ನೋಡಿ, ಪದರದ ಗೆರೆಯಲ್ಲಿ ಸೀಳದಿದ್ದರೆ ಉಳಿದದ್ದನ್ನು ಟ್ರ್ಯಾಕ್ಟರಿಗೆ ಕೂಡಿಸಿ.